ಈ ಹಿಂದಿನ ಹಲಗೆ

ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ಒತ್ತಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕರಡು ತಿದ್ದುತ್ತಿದ್ದಳು. ಅವಳ ಕಣ್ಣು ತಪ್ಪಿಸಿ ಒಂದು ಒತ್ತಕ್ಷರವೂ ಬೀದಿಗೆ ಹೋದದ್ದಿಲ್ಲ ಎಂಬುದು ಆ ಹೆಸರಿನ ಮೂಲ. ಇಟ್ಟವರು ಅರ್ಧ ಮೆಚ್ಚಿಕೆಯಿಂದ, ಅರ್ಧ ಹೊಟ್ಟೆಯುರಿಯಿಂದ ಇಟ್ಟದ್ದು. ಅವಳಿಗೇನೂ ಬೇಸರವಿರಲಿಲ್ಲ, ಒಳಗೊಳಗೇ ಹಿಗ್ಗು. ಅಂಗಡಿಯ ಬೋರ್ಡು, ಬಸ್ಸಿನ ಬೆನ್ನು, ಔಷಧಿಯ ಚೀಟಿ, ಯಾವುದೇ ಆಗಲಿ, ಅವಳ ಬೆರಳು ನೇರವಾಗಿ ಹೋಗಿ ತಪ್ಪಿನ ಮೇಲೆ ಕೂರುತ್ತಿತ್ತು. ಇಂಥವರ ಜೊತೆ ಹೋಟೆಲಿಗೆ ಹೋದರೆ ಕಷ್ಟ. ತಿಂಡಿಯ ಪಟ್ಟಿಯನ್ನು ತಿದ್ದಿ ಮುಗಿಸುವಷ್ಟರಲ್ಲಿ ನಮ್ಮ ಹಸಿವೇ ಸತ್ತಿರುತ್ತದೆ.

ನಲವತ್ತನಾಲ್ಕು ವರ್ಷ ಅಣ್ಣನ ಮನೆಯ ಒಂದು ಕೋಣೆಯಲ್ಲಿ ಕಳೆದವಳು ಈಗ ಮೊದಲ ಸಲ ತನ್ನ ಹೆಸರಿನಲ್ಲಿ ಬಾಡಿಗೆಮನೆ ಹಿಡಿದಿದ್ದಳು. ಎರಡನೇ ಮಹಡಿ, ಎರಡು ಕೋಣೆ, ತಂಗಿಯ ಮನೆಗೆ ಐದು ನಿಮಿಷದ ನಡಿಗೆ. ಹಿಡಿದದ್ದೂ ತಂಗಿಗಾಗಿಯೇ. ತಂಗಿಗೆ ದೊಡ್ಡ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರ ಸೇರಬೇಕು. ಅವಳ ಗಂಡನದು ಹಡಗಿನ ಕೆಲಸ, ವರ್ಷದಲ್ಲಿ ಆರು ತಿಂಗಳು ನೀರಿನ ಮೇಲೆ. ಮೂರು ವರ್ಷದ ಮಗಳಿಗೆ ಶಿಶುವಿಹಾರದಲ್ಲಿ ಜಾಗ ಸಿಗಲು ಇನ್ನೂ ನಾಲ್ಕು ತಿಂಗಳಿತ್ತು. ಆ ನಾಲ್ಕು ತಿಂಗಳು ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ಕರಡನ್ನು ಮನೆಗೇ ತರಿಸಿಕೊಳ್ಳುತ್ತೇನೆ ಎಂದು ಒತ್ತಮ್ಮ ಮುಂದೆ ಬಂದಳು. ಪ್ರೆಸ್ಸಿನ ಯಜಮಾನರು ಗೊಣಗುತ್ತಲೇ ಒಪ್ಪಿದ್ದರು. "ಬೇರೆ ಯಾರಾದ್ರೂ ಕೇಳಿದ್ರೆ ಆಗಲ್ಲ ಅಂತಿದ್ದೆ. ನಿಮ್ಮ ಕಣ್ಣಿನ ಮೇಲೆ ನಂಬಿಕೆ ಇದೆ, ಅದಕ್ಕೆ" ಎಂದಿದ್ದರು.

ಎಲ್ಲ ಸರಿಯಾಯಿತು ಎನ್ನುವಾಗ ಅಡ್ಡ ನಿಂತದ್ದು ಪುಸ್ತಕ. ಅವಳ ಹತ್ತಿರ ಹದಿನಾಲ್ಕು ರಟ್ಟಿನ ಪೆಟ್ಟಿಗೆ ತುಂಬ ಪುಸ್ತಕಗಳಿದ್ದವು. ಅವಕ್ಕಾಗಿ ಆರೂವರೆ ಅಡಿಯ ಕಪಾಟು ತರಿಸಿದ್ದಳು. ತಂಗಿಗೆ ಅದು ಕೇಳಿದ್ದೇ ಚಿಂತೆ ಹತ್ತಿತು. ಏಕೆಂದರೆ ಮಗುವನ್ನು ಮನೆಮಂದಿಯೆಲ್ಲ ಹಲ್ಲಿಮರಿ ಎನ್ನುತ್ತಿದ್ದರು. ಕಿಟಕಿಯ ಸರಳು, ಫ್ರಿಜ್ಜಿನ ಬಾಗಿಲು, ಅಪ್ಪನ ಬೆನ್ನು, ಏನು ಸಿಕ್ಕರೂ ಹತ್ತುವುದೇ ಅದರ ಕಸುಬು.

"ಅಕ್ಕ, ಆ ಕಪಾಟನ್ನ ಗೋಡೆಗೆ ಬಿಗಿದ ಮೇಲೆ ನಾನೇ ಬಂದು ಎಳೆದು ನೋಡ್ತೀನಿ" ಎಂದಳು ತಂಗಿ. "ಅಲುಗಾಡಿದ್ರೆ ಮಗೂನ ಬಿಡಲ್ಲ. ಕೆಲಸ ಬೇಡ ಅಂತ ಬರೆದುಕೊಡ್ತೀನಿ. ಬೇಜಾರು ಮಾಡ್ಕೋಬೇಡ."

"ಬೇಜಾರ್ಯಾಕೆ? ಪಟ್ಟಿ ಇದೆಯಲ್ಲ" ಎಂದಳು ಒತ್ತಮ್ಮ.

ಪಟ್ಟಿ ಇತ್ತು ನಿಜ. ಕಪಾಟು ಮಾರುವ ಅಂಗಡಿಯವರು ಪ್ರತಿ ಪೆಟ್ಟಿಗೆಯಲ್ಲೂ ಒಂದು ಹಾಳೆ ಹಾಕುತ್ತಿದ್ದರು: 'ಮೊದಲ ಸಲ ಬಾಡಿಗೆಮನೆಗೆ ಬಂದವರು ಎತ್ತರದ ಕಪಾಟು ಜೋಡಿಸುವಾಗ ಗಮನಿಸಬೇಕಾದ ಹನ್ನೊಂದು ಅಂಶಗಳು'. ಬರೆದವನು ಆ ಅಂಗಡಿಯ ಹಳೆಯ ಬಡಗಿ. ಅಚ್ಚು ಹಾಕಿದ್ದು ಇವಳ ಪ್ರೆಸ್ಸು. ಕರಡು ತಿದ್ದಿದವಳು ಇವಳೇ. ಬಡಗಿಯ ಬರಹ ಅಂದರೆ ಕೇಳಬೇಕೆ, ಹ್ರಸ್ವ ದೀರ್ಘ ಒಂದಕ್ಕೊಂದು ಸಂಬಂಧವಿಲ್ಲದೆ ಓಡಾಡುತ್ತಿದ್ದವು. ಮೂವತ್ತೊಂದು ತಪ್ಪು ತಿದ್ದಿದ ಕೆಂಪು ಶಾಯಿಯ ಕರಡನ್ನು ಅವಳು ಪದಕದ ಹಾಗೆ ಮನೆಗೆ ತಂದು ಇಟ್ಟುಕೊಂಡಿದ್ದಳು. ಶನಿವಾರ ಬೆಳಿಗ್ಗೆ ಕಪಾಟಿನ ಪೆಟ್ಟಿಗೆಗಳು ಬಂದು ಬಿದ್ದಾಗ ಒಳಗಿದ್ದ ಅಚ್ಚಾದ ಹಾಳೆಯನ್ನು ಬದಿಗಿಟ್ಟು, ತನ್ನ ಕರಡನ್ನೇ ಎದುರಿಗೆ ಇಟ್ಟುಕೊಂಡು ಕೂತಳು.

ಒಂದನೇ ಅಂಶ: 'ಗೋಡೆಯನ್ನು ಮುಟ್ಟುವ ಮೊದಲು ಮನೆಯ ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ.' ಇಲ್ಲಿ ಅವಳು ಮಾಲಿಕರನ್ನು ಮಾಲೀಕರು ಮಾಡಿದ್ದಳು. ಆದರೆ ಒಪ್ಪಿಗೆ ಎಂಬುದನ್ನು ಯಾರಾದರೂ ನಿಜವಾಗಿ ಹೋಗಿ ಕೇಳಬೇಕಾಗುತ್ತದೆ ಎಂದು ಆಗ ಹೊಳೆದಿರಲಿಲ್ಲ. ಬಾಡಿಗೆ ಕರಾರಿನಲ್ಲಿ 'ಗೋಡೆಗಳಿಗೆ ಮೊಳೆ ಹೊಡೆಯತಕ್ಕದ್ದಲ್ಲ' ಎಂದಿತ್ತು. ಸ್ಕ್ರೂ ಮೊಳೆಯಲ್ಲವಲ್ಲ, ಹೊಡೆಯುವುದೂ ಇಲ್ಲ, ತಿರುಗಿಸುವುದು ತಾನೆ ಎಂದು ಅವಳ ಮನಸ್ಸು ವಕೀಲಿಕೆ ಶುರುಮಾಡಿತು. ಅಷ್ಟರಲ್ಲಿ ಸ್ಕ್ರೂವಿಗೆ ನಿಘಂಟಿನಲ್ಲಿರುವ ಮಾತು ನೆನಪಾಯಿತು: ತಿರುಪುಮೊಳೆ. ನಿಘಂಟಿನ ಮುಂದೆ ಅವಳ ಆಟ ನಡೆಯುವುದಿಲ್ಲ. ಹಾಳೆ ಹಿಡಿದು ಕೆಳಗಿನ ಮನೆಗೆ ಇಳಿದಳು.

ಕೆಳಗಿದ್ದ ಓನರಮ್ಮ ವಿದ್ಯುತ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಾತು ಕಡಿಮೆ, ಹುಬ್ಬು ಜಾಸ್ತಿ. ಎಲ್ಲ ಕೇಳಿಸಿಕೊಂಡು ಹುಬ್ಬೇರಿಸಿದರು.

"ಯಾವ ಗೋಡೆ?"

"ಒಳಕೋಣೇದು. ಸ್ವಿಚ್ ಬೋರ್ಡ್ ಪಕ್ಕದ್ದು."

"ಹೋದ ಸಲ ಇದ್ದವರೂ ಹಂಗೇ ಅಂದು ಕನ್ನಡಿಗೆ ಮೊಳೆ ಹೊಡೆದ್ರು. ಒಳಗಿನ ಕರೆಂಟ್ ವೈರ್‌ಗೇ ಹೊಡೆದ್ರು. ಕನ್ನಡೀನೂ ಹೋಯ್ತು, ಅವರ ಹುಬ್ಬೂ ಸುಟ್ಟೋಯ್ತು. ಅದಕ್ಕೇ ಕರಾರಲ್ಲಿ ಬರೆಸಿದ್ದು" ಎಂದರು. ಆಮೇಲೆ ಅವಳ ಕೈಯಲ್ಲಿದ್ದ ಹಾಳೆ ನೋಡಿ ಸ್ವಲ್ಪ ಮೆತ್ತಗಾದರು. "ಕೇಳಿ ಮಾಡೋರು ನೀವೇ ಮೊದಲು. ನಡೀರಿ, ನಾನೂ ಬರ್ತೀನಿ. ಡ್ರಿಲ್ ನಂದೇ ಇದೆ."

ಮೇಲೆ ಬಂದು ಓನರಮ್ಮ ಗೋಡೆಗೆ ಬೆರಳಿಟ್ಟು ತೋರಿಸಿದರು. ಸ್ವಿಚ್ ಬೋರ್ಡಿನಿಂದ ವೈರು ನೆಟ್ಟಗೆ ಸೂರಿನವರೆಗೆ ಹೋಗುತ್ತದೆ, ಅದರ ಎಡಬಲ ಒಂದೊಂದು ಅಡಿ ಮುಟ್ಟುವ ಹಾಗಿಲ್ಲ. ಕಪಾಟಿಗೆಂದು ಒತ್ತಮ್ಮ ಹಾಕಿಕೊಂಡಿದ್ದ ಗುರುತು ಸರಿಯಾಗಿ ಆ ವೈರಿನ ಮೇಲೆಯೇ ಇತ್ತು. ಕಪಾಟಿನ ಜಾಗವನ್ನು ಕಿಟಕಿಯ ಕಡೆಗೆ ಎರಡಡಿ ಸರಿಸಿದರು. ಅಲ್ಲಿ ಓನರಮ್ಮ ಗೋಡೆಯನ್ನು ಗೆಣ್ಣಿನಿಂದ ಬಡಿದು ನೋಡಿ, "ಇಟ್ಟಿಗೆ ಗೋಡೆ. ಟೊಳ್ಳಲ್ಲ. ಹಿಡ್ಕೊಳತ್ತೆ" ಎಂದರು. ಆಮೇಲೆ ಒಂದು ಕಾಗದದ ಮೇಲೆ, ಕಪಾಟು ಬಿಗಿಯಲು ನಾಲ್ಕು ರಂಧ್ರಕ್ಕೆ ಒಪ್ಪಿಗೆ ಇದೆ, ಮನೆ ಬಿಡುವಾಗ ಮುಚ್ಚಿ ಬಣ್ಣ ಹಚ್ಚಿಕೊಡಬೇಕು ಎಂದು ಬರೆದು ಸಹಿ ಹಾಕಿದರು. ಒತ್ತಮ್ಮ ಖಾಲಿ ಗೋಡೆಯ ಫೋಟೋ ತೆಗೆದಳು. ಓನರಮ್ಮನ ಬರಹದಲ್ಲಿ ಎರಡು ತಪ್ಪಿದ್ದವು. ಅವಳು ಹಲ್ಲು ಕಚ್ಚಿ ಸುಮ್ಮನಿದ್ದಳು. ಅದೇನೂ ಸಣ್ಣ ತ್ಯಾಗವಲ್ಲ.

ಬಿಡಿಭಾಗಗಳನ್ನು ಪಟ್ಟಿಯಲ್ಲಿದ್ದಂತೆ ನೆಲದ ಮೇಲೆ ಹರವಿ ಎಣಿಸಿದಳು. ಪಕ್ಕದ ಹಲಗೆ ಎರಡು, ಮೇಲಿನದೊಂದು, ಕೆಳಗಿನದೊಂದು, ಅಡ್ಡ ಹಲಗೆ ಐದು, ಹಿಂಬದಿಗೆ ಹೊಡೆಯುವ ರಟ್ಟಿನಂಥ ತೆಳು ಹಾಳೆ, ಬೆರಳುದ್ದದ ಮರದ ಗೂಟಗಳು, ಸ್ಕ್ರೂ, ಗೋಡೆಗೆ ಬಿಗಿಯಲು ಎರಡು ಬೆಲ್ಟು. ಪೆಟ್ಟಿಗೆಯ ರಟ್ಟನ್ನೇ ಹಾಸಿ, ಕಪಾಟನ್ನು ಬೋರಲು ಮಲಗಿಸಿ ಜೋಡಿಸಿದಳು. ಒಂದು ಹಲಗೆಯನ್ನು ತಲೆಕೆಳಗಾಗಿ ಕೂರಿಸಿ, ಬಿಚ್ಚಿ, ಮತ್ತೆ ಕೂರಿಸಿದಳು. ಆರನೇ ಅಂಶದ ಪ್ರಕಾರ ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದು ಎರಡೂ ಕಡೆ ಅಳೆದಳು. ಎರಡು ಅಳತೆಯೂ ಒಂದೇ ಬರುವವರೆಗೆ ಚೌಕಟ್ಟನ್ನು ತಟ್ಟಿ ತಟ್ಟಿ ಸರಿಮಾಡಿ, ಆಮೇಲೆಯೇ ಹಿಂಬದಿಯ ತೆಳು ಹಾಳೆಯನ್ನು ಸುತ್ತಲೂ ಸಣ್ಣ ಮೊಳೆಗಳಿಂದ ಹೊಡೆದಳು. ಜೀವಮಾನದಲ್ಲಿ ಮೊದಲ ಸಲ ಸುತ್ತಿಗೆ ಹಿಡಿದವಳು. ಹೆಬ್ಬೆರಳಿಗೆ ಎರಡೇ ಸಲ ಬಿತ್ತು.

ಮಧ್ಯಾಹ್ನ ತಂಗಿ ಮಗುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಳು. ಒಬ್ಬರೇ ಎತ್ತಬಾರದು ಎಂಬುದು ಏಳನೇ ಅಂಶ. ಅಕ್ಕತಂಗಿಯರು ಎರಡು ಕಡೆ ಹಿಡಿದು ಎತ್ತಿ ನಿಲ್ಲಿಸಿದರು. ನಿಂತದ್ದು ಮುಂದಕ್ಕೆ ಒಂದಿಷ್ಟು ವಾಲಿತು.

"ನೆಲ ಡೊಂಕು" ಎಂದಳು ಒತ್ತಮ್ಮ.

"ಕುಣಿಯೋಕೆ ಬರದೋಳು ಹಂಗೇ ಅಂದ್ಲಂತೆ" ಎಂದು ತಂಗಿ ನಕ್ಕಳು. ಆದರೆ ನೆಲ ನಿಜಕ್ಕೂ ಡೊಂಕಾಗಿತ್ತು. ಬಾಗಿಲ ಕಡೆಗೆ ಇಳಿಜಾರು. ಮುಂದಿನ ಎರಡು ಮೂಲೆಗಳ ಕೆಳಗೆ ತೆಳು ಮರದ ಚೂರು ತುರುಕಿದ ಮೇಲೆ ಕಪಾಟು ನೆಟ್ಟಗೆ ನಿಂತಿತು. ಸಂಜೆ ನಾಲ್ಕಕ್ಕೆ ಮಗುವನ್ನು ಕರೆದುಕೊಂಡು ಬಂದು ಎಳೆದು ನೋಡುತ್ತೇನೆ ಎಂದು ಹೇಳಿ ತಂಗಿ ಹೋದಳು.

ಓನರಮ್ಮ ಒಳಕೋಣೆಯ ಕರೆಂಟನ್ನು ಮೇನ್ ಬೋರ್ಡಿನಲ್ಲಿ ಆಫ್ ಮಾಡಿ, ಹೊರಕೋಣೆಯಿಂದ ಉದ್ದನೆಯ ವೈರು ಎಳೆದು ಡ್ರಿಲ್ ಹಚ್ಚಿದರು. ಮೊದಲು ಗಾರೆಯ ಬೂದು ಪುಡಿ ಬಂತು, ಆಮೇಲೆ ಕೆಂಪು. "ನೋಡಿ, ಇಟ್ಟಿಗೆ ಸಿಕ್ತು" ಎಂದರು. ನಾಲ್ಕು ರಂಧ್ರಗಳ ಪುಡಿಯನ್ನು ಊದಿ ತೆಗೆದು, ಪ್ಲಾಸ್ಟಿಕ್ ಪ್ಲಗ್ಗುಗಳನ್ನು ಗೋಡೆಯ ಮಟ್ಟಕ್ಕೆ ತಟ್ಟಿ ಕೂರಿಸಿ, ಚಹಾಕ್ಕೆಂದು ಕೆಳಗಿಳಿದರು. ಉಳಿದದ್ದು ಬೆಲ್ಟುಗಳನ್ನು ಬಿಗಿಯುವುದು ಅಷ್ಟೇ.

ಒಂಬತ್ತನೇ ಅಂಶ: 'ಬೆಲ್ಟುಗಳ ಒಂದು ತುದಿಯನ್ನು ಹಿಂದಿನ ಹಲಗೆಗೆ, ಇನ್ನೊಂದು ತುದಿಯನ್ನು ಗೋಡೆಗೆ ಬಿಗಿಯಿರಿ.' ಒತ್ತಮ್ಮ ಕಪಾಟನ್ನು ಒಂದು ಗೇಣು ಮುಂದಕ್ಕೆ ಸರಿಸಿ, ಕೈ ತೂರಿಸಿ, ಹಿಂಬದಿಯ ನೆತ್ತಿಯಲ್ಲಿ ಎರಡು ಬೆಲ್ಟುಗಳನ್ನೂ ಬಿಗಿದಳು. ಸ್ಕ್ರೂಗಳ ಮೂತಿ ಕಪಾಟಿನ ಒಳಗೆ ಇಣುಕಿದವು. ಪುಸ್ತಕ ಇಟ್ಟರೆ ಕಾಣುವುದಿಲ್ಲ ಬಿಡು ಎಂದುಕೊಂಡಳು. ಕಪಾಟನ್ನು ಗೋಡೆಗೆ ತಳ್ಳಿ, ಬೆಲ್ಟುಗಳ ಇನ್ನೊಂದು ತುದಿಯನ್ನು ಮೇಲೆಳೆದು ಗೋಡೆಗೆ ಬಿಗಿದು, ಒಂಬತ್ತರ ಮುಂದೆ ಕೆಂಪು ಗೀಟು ಹಾಕಿದಳು. ಆಗ ಅವಳ ಮುಖ ನೋಡಬೇಕಿತ್ತು, ಹೊಸದಾಗಿ ಮಹಡಿಮನೆ ಕಟ್ಟಿಸಿದವರ ಗತ್ತು.

ನಾಲ್ಕಕ್ಕೆ ಸರಿಯಾಗಿ ತಂಗಿ ಬಂದಳು. ಹಲ್ಲಿಮರಿಯನ್ನು ಕೆಳಗೆ ಓನರಮ್ಮನ ಹತ್ತಿರ ಬಿಸ್ಕತ್ತು ಕೊಟ್ಟು ಕೂರಿಸಿದ್ದಳು. ಖಾಲಿ ಕಪಾಟಿನ ಎದುರು ನಿಂತು ತಂಗಿ ಸೀರೆ ಸೆರಗು ಸಿಕ್ಕಿಸಿಕೊಂಡಳು. "ನೀನು ಆ ಕಡೆ ಹಿಡ್ಕೊಂಡಿರು, ಬಿದ್ರೆ ತಡೀಬೇಕು" ಎಂದು ಅಕ್ಕನಿಗೆ ಹೇಳಿ, ಮೇಲಿನ ಅಂಚಿಗೆ ಎರಡೂ ಕೈ ಹಾಕಿ ಎಳೆದಳು.

ಮೊದಲು ಏನೂ ಆಗಲಿಲ್ಲ. ಎರಡನೇ ಸಲ ಎಳೆದಾಗ ಪರ್ರೆಂದು ಶಬ್ದ ಬಂತು. ತೆಳು ಹಾಳೆ ಸ್ಕ್ರೂಗಳ ಸುತ್ತ ಹರಿದುಕೊಂಡಿತು, ಬೆಲ್ಟುಗಳು ಗೋಡೆಯಲ್ಲೇ ನೇತಾಡಿದವು, ಕಪಾಟು ಇಬ್ಬರ ಕೈಮೇಲೆ ಬಂದು ಒರಗಿತು. ಇಬ್ಬರೂ ಏದುಸಿರು ಬಿಡುತ್ತ ಅದನ್ನು ಹಿಂದಕ್ಕೆ ತಳ್ಳಿ ನಿಲ್ಲಿಸಿದರು. ತಂಗಿ ನೇತಾಡುತ್ತಿದ್ದ ಬೆಲ್ಟನ್ನು ಬೆರಳಿನಿಂದ ಎತ್ತಿ ನೋಡಿದಳು.

ಒತ್ತಮ್ಮನಿಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. "ಯಾವ ಮುಠ್ಠಾಳ ಬರೆದದ್ದು ಇದನ್ನ? ರಟ್ಟಿನ ಹಾಗಿರೋ ಹಾಳೆಗೆ ಬಿಗಿ ಅಂತಾನಲ್ಲ!"

"ಎಲ್ಲಿ ಹಂಗಂತ ಬರೆದಿದೆ? ಓದು" ಎಂದಳು ತಂಗಿ.

ಒತ್ತಮ್ಮ ಕರಡನ್ನು ಎತ್ತಿಕೊಂಡು ಎಂಟನೇ ಅಂಶದಿಂದ ಗಟ್ಟಿಯಾಗಿ ಓದಿದಳು. 'ಕಪಾಟಿನ ನೆತ್ತಿಯ ದಪ್ಪ ಹಲಗೆಯ ಎರಡೂ ತುದಿಯಲ್ಲಿ, ಗೋಡೆಯ ಕಡೆಗೆ, ಒಂದೊಂದು ಗುರುತು ಹಾಕಿ.' ಗುರುತನ್ನು ಹಾಕಿಯೇ ಇದ್ದಳು, ಗೋಡೆಯಲ್ಲಿ ಎಲ್ಲಿ ಕೊರೆಯಬೇಕೆಂದು ತಿಳಿಯಲು ಇರಬೇಕು ಎಂದುಕೊಂಡು. ಒಂಬತ್ತನೇದು: 'ಬೆಲ್ಟುಗಳ ಒಂದು ತುದಿಯನ್ನು...' ಅಲ್ಲಿಗೆ ಅವಳ ದನಿ ನಿಂತುಹೋಯಿತು.

'ಹಿಂದಿನ ಹಲಗೆಗೆ' ಎಂಬುದರ ಮುಂದೆ ಒಂದು ಅಕ್ಷರವಿತ್ತು. ಅದರ ಮೇಲೆ ಕೆಂಪು ಶಾಯಿಯ ಗೀಟು ಎಳೆದಿತ್ತು. 'ಈ.'

ಬಡಗಿ ಬರೆದದ್ದು 'ಈ ಹಿಂದಿನ ಹಲಗೆಗೆ' ಎಂದು. ಈಗಷ್ಟೇ ಹೇಳಿದೆನಲ್ಲ, ಆ ದಪ್ಪ ಹಲಗೆಗೆ ಎಂದು. ಒತ್ತಮ್ಮ ಪ್ರೆಸ್ಸಿನ ಫ್ಯಾನಿನ ಕೆಳಗೆ ಕೂತು, ಈ ಎನ್ನುವುದು ಇಲ್ಲಿ ವ್ಯರ್ಥ ಎಂದು ತೀರ್ಮಾನಿಸಿ ತೆಗೆದುಹಾಕಿದ್ದಳು. ಅಲ್ಲಿಗೆ 'ಹಿಂದಿನ' ಅಂದರೆ ಕಪಾಟಿನ ಬೆನ್ನಿನದು ಎಂದಾಯಿತು. ಹಾಳೆಯುದ್ದಕ್ಕೂ ಕಣ್ಣು ಓಡಿಸಿದಳು. ಅನಕ್ಷರಸ್ಥ ಎಂದು ತಾನು ನಕ್ಕಿದ್ದ ಆ ಮನುಷ್ಯ ಹನ್ನೊಂದು ಅಂಶಗಳಲ್ಲಿ ಒಂದು ಕಡೆಯೂ ಹಿಂಬದಿಯನ್ನು ಹಲಗೆ ಎಂದಿರಲಿಲ್ಲ. ತೆಳು ಹಾಳೆ ಎಂದೇ ಬರೆದಿದ್ದ. ಅವನಿಗೆ ಹಲಗೆ ಅಂದರೆ ಹಲಗೆ, ಹಾಳೆ ಅಂದರೆ ಹಾಳೆ. ಹ್ರಸ್ವ ದೀರ್ಘ ಗೊತ್ತಿರಲಿಲ್ಲ, ಮರ ಗೊತ್ತಿತ್ತು.

ಅವಳು ನೆಲದ ಮೇಲೆ ಕೂತುಬಿಟ್ಟಳು. "ಅವನು ಬರೆದದ್ದು ಸರಿ ಇತ್ತು ಕಣೆ. ತಪ್ಪು ನಂದು. ನಾನೇ ತಿದ್ದಿ ತಪ್ಪು ಮಾಡಿದ್ದು" ಎಂದಳು. ಬೇರೆಯವರ ಎಲೆಯ ನೊಣ ಆರಿಸುತ್ತ ಇಪ್ಪತ್ತೆರಡು ವರ್ಷ ಕಳೆದವಳಿಗೆ ತನ್ನ ಎಲೆಯ ಹೆಗ್ಗಣ ಕಂಡ ಗಳಿಗೆ ಅದು.

ತಂಗಿಯೂ ಪಕ್ಕದಲ್ಲಿ ಕೂತಳು. "ಸರಿ, ಈಗ ಗೊತ್ತಾಯ್ತಲ್ಲ. ದಪ್ಪ ಹಲಗೆಗೆ ಬಿಗಿಯೋಣ, ಏಳು."

ಬಿಗಿದರು. ನೆತ್ತಿಯ ಹಲಗೆ ಹದಿನೆಂಟು ಮಿಲಿಮೀಟರು ದಪ್ಪ. ಸ್ಕ್ರೂ ಅದರೊಳಗೆ ಪೂರ್ತಿ ಮುಳುಗಿತು, ಮೂತಿ ಎಲ್ಲೂ ಇಣುಕಲಿಲ್ಲ. ಗೋಡೆಯ ರಂಧ್ರಗಳು ಅವೇ ಸಾಕಾದವು. ಬೆಲ್ಟು ಎಳೆದು ಬಿಗಿಮಾಡಿದರು. ಈ ಸಲ ತಂಗಿ ಎಳೆದಳು, ಅಕ್ಕ ಎಳೆದಳು, ಇಬ್ಬರೂ ಸೇರಿ ಎಳೆದರು. ಕಪಾಟು ಕದಲಲಿಲ್ಲ. ಭಾರದ ನಿಘಂಟುಗಳನ್ನು ಕೆಳಗಿನ ಸಾಲಿಗೆ ಇಟ್ಟು, ತಂಗಿ ಮತ್ತೊಮ್ಮೆ ಜೋತುಬಿದ್ದು ನೋಡಿದಳು. ಆದರೆ ಸೋಮವಾರ ಮಗುವನ್ನು ಇಲ್ಲಿ ಬಿಡುವ ಮಾತನ್ನು ಅವಳು ಎತ್ತಲಿಲ್ಲ. ಒತ್ತಮ್ಮನೂ ಕೇಳಲಿಲ್ಲ. ಅವಳ ತಲೆಯಲ್ಲಿ ಬೇರೆ ಕಪಾಟುಗಳು ಓಲಾಡುತ್ತಿದ್ದವು.

"ಎರಡು ಸಾವಿರ ಪ್ರತಿ ಅಚ್ಚಾಗಿದೆ. ಹೋದ ವಾರವೇ ಅಂಗಡಿಗೆ ಹೋಗಿದೆ. ಎಷ್ಟು ಮನೆಗೆ ಹೋಯ್ತೋ" ಎಂದಳು.

"ಯಜಮಾನರಿಗೆ ಹೇಳಿದ್ರೆ?"

"ಹೇಳಿದ್ರೆ ಮನೆಯಿಂದ ಕೆಲಸ ಮಾಡೋದು ಹೋಗತ್ತೆ. ಅವರು ಒಪ್ಪಿದ್ದೇ ನನ್ನ ಕಣ್ಣು ನಂಬಿ. ಅದು ಹೋದ್ರೆ ಮಗೂನ ಯಾರು ನೋಡ್ಕೋತಾರೆ? ನಿನ್ನ ಕೆಲಸ?"

ತೀರ್ಮಾನ ಅಕ್ಕನದೇ ಇರಲಿ ಎಂಬಂತೆ ತಂಗಿ ನೆಲದ ಗಾರೆಪುಡಿ ಗುಡಿಸತೊಡಗಿದಳು. ಕೆಳಗಿನ ಮನೆಯಿಂದ ಹಲ್ಲಿಮರಿ ಏನನ್ನೋ ಹತ್ತಿ, ಓನರಮ್ಮ ಗದರಿಸಿದ್ದು ಕೇಳಿಸಿತು. ಒತ್ತಮ್ಮ ಫೋನು ತೆಗೆದುಕೊಂಡಳು. ಯಜಮಾನರ ನಂಬರು ಒತ್ತಿದಳು.

ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು.

"ಒಂದು ಈ" ಎಂದರು ಯಜಮಾನರು.

"ಹೌದು ಸರ್. ಒಂದು ಈ."

"ನಾನೂ ಓದಿದ್ದೆ ಕಣಮ್ಮ ಅದನ್ನ. ನಂಗೂ ಕಾಣಲಿಲ್ಲ. ಅಂಗಡಿಯವರಿಗೆ ಈಗಲೇ ಹೇಳ್ತೀನಿ, ಉಳಿದ ಹಾಳೆ ತಡೀಲಿ. ಹೊಸದಾಗಿ ಅಚ್ಚು ಹಾಕೋಣ. ಆಗಲೇ ಹೋಗಿರೋ ಮನೆಗಳಿಗೆ ಏನು ಮಾಡೋದು?"

"ನಂಬರು ಕೊಡಿಸಿ ಸರ್. ನಾನೇ ಒಬ್ಬೊಬ್ಬರಿಗೂ ಫೋನ್ ಮಾಡ್ತೀನಿ." ಆಮೇಲೆ ತಾನಾಗಿಯೇ ಕೇಳಿದಳು. "ಸರ್, ಸೋಮವಾರದಿಂದ ನಾನು ಪ್ರೆಸ್ಸಿಗೇ ಬರಬೇಕಾ?"

"ಯಾಕೆ? ಇಲ್ಲಿ ಕೂತಿದ್ದಾಗಲೇ ಅಲ್ವಾ ತಪ್ಪು ಮಾಡಿದ್ದು? ಕಂಡು ಹಿಡಿದದ್ದು ಮನೇಲಿ" ಎಂದರು ಯಜಮಾನರು. "ಅಲ್ಲೇ ಇರಿ. ಆದ್ರೆ ಇನ್ಮೇಲೆ ಇಂಥ ಹಾಳೆ ಬಂದ್ರೆ ಬರೆದವರನ್ನ ಕೇಳದೆ ಒಂದು ಚುಕ್ಕೇನೂ ಮುಟ್ಟಬೇಡಿ."

ಇಪ್ಪತ್ತಮೂರು ಮನೆಗಳಿಗೆ ಕಪಾಟು ಹೋಗಿತ್ತು. ಭಾನುವಾರ ಬೆಳಿಗ್ಗೆ ಪಟ್ಟಿ ಕೈಗೆ ಬಂತು. ತಂಗಿ ಹೇಳದೆ ಕೇಳದೆ ಬಂದು, ಅದನ್ನು ನಡುವೆ ಮಡಿಸಿ ಹರಿದು ಅರ್ಧ ತೆಗೆದುಕೊಂಡಳು. ಹಲ್ಲಿಮರಿ ಖಾಲಿ ಪೆಟ್ಟಿಗೆಯೊಳಗೆ ಸಂಸಾರ ಹೂಡಿತ್ತು. ಫೋನುಗಳು ಶುರುವಾದವು. ಕೆಲವರು ಕಪಾಟಿನ ಪೆಟ್ಟಿಗೆಯನ್ನೇ ಇನ್ನೂ ಬಿಚ್ಚಿರಲಿಲ್ಲ. ಕೆಲವರು ಪಟ್ಟಿಯನ್ನೇ ಓದದೆ ದಪ್ಪ ಹಲಗೆಗೆ ಬಿಗಿದಿದ್ದರು. ಓದದವರೇ ಅಪಾಯದಿಂದ ಪಾರಾಗಿದ್ದಾರೆ ಎಂಬುದು ಅಕ್ಷರ ನಂಬಿ ಬದುಕಿದ ಒತ್ತಮ್ಮನಿಗೆ ಸಣ್ಣ ಪೆಟ್ಟೇ. ಒಬ್ಬರು ಬೈದರು. ಅವಳು ಬೈಸಿಕೊಂಡಳು.

ಒಂಬತ್ತನೇ ಮನೆಯಲ್ಲಿ ಒಬ್ಬ ಗಂಡಸು ಫೋನು ಎತ್ತಿದ. ದನಿ ಚಿಕ್ಕ ವಯಸ್ಸಿನದು. ಹಿಂದೆ ಮಕ್ಕಳ ಗಲಾಟೆ.

"ಪಟ್ಟಿ ನೋಡೇ ಮಾಡಿದೀನಿ ಮೇಡಂ. ಒಂದೊಂದೂ ಓದಿ ಗೀಟು ಹಾಕಿದೀನಿ. ಮೊದಲನೇ ಬಾಡಿಗೆಮನೆ ನಮ್ದು."

"ಅಪ್ಪಾ, ಒಂಬತ್ತನೇದು ತಪ್ಪಿದೆ. ನನ್ನ ತಪ್ಪು. ಮಕ್ಕಳನ್ನ ಆಚೆ ಕಳಿಸಿ, ಜೊತೆಗೆ ಇನ್ನೊಬ್ಬರನ್ನ ಕರೆದು, ಕೆಳಗಿನ ಪುಸ್ತಕ ತೆಗೀದೆ ಮೇಲಿನದು ಮಾತ್ರ ಇಳಿಸಿ, ಮೆಲ್ಲಗೆ ಎಳೆದು ನೋಡ್ತೀರಾ? ನಾನು ಫೋನಲ್ಲೇ ಇರ್ತೀನಿ."

ಆ ಕಡೆ ಫೋನು ಮೇಜಿನ ಮೇಲಿಟ್ಟ ಸದ್ದು. ಮಕ್ಕಳನ್ನು ಕರೆದುಕೊಂಡು ಹೋಗು ಎಂದು ಯಾರಿಗೋ ಹೇಳಿದ್ದು, ಪುಸ್ತಕಗಳನ್ನು ಇಳಿಸಿದ್ದು, ಬಾಗಿಲು ಮುಚ್ಚಿದ್ದು. ಒತ್ತಮ್ಮ ಕಣ್ಣು ಮುಚ್ಚಿಕೊಂಡಳು. ತಂಗಿ ತನ್ನ ಫೋನನ್ನು ಮಡಿಲಿಗಿಟ್ಟು ಅಕ್ಕನ ಮೊಣಕೈ ಹಿಡಿದಳು. ಆಮೇಲೆ ಇಬ್ಬರಿಗೂ ಸ್ಪಷ್ಟವಾಗಿ ಕೇಳಿಸಿತು, ಪರ್ರೆಂದು ಹರಿದ ಸದ್ದು.

"ಮೇಡಂ" ಎಂದ ಅವನು ತಿರುಗಿ ಬಂದು. "ಕಿತ್ತು ಬಂತು. ನಾವಿಬ್ರೂ ಹಿಡ್ಕೊಂಡ್ವಿ. ಏನೂ ಆಗಲಿಲ್ಲ."

"ಮಕ್ಕಳು?"

"ಆಚೆ ಇದಾರೆ. ದೊಡ್ಡೋನು ದಿನಾ ಹತ್ತುತಿದ್ದ ಮೇಡಂ ಅದನ್ನ."

ತಂಗಿ ಒತ್ತಮ್ಮನ ಕೈಯಿಂದ ಫೋನು ತೆಗೆದುಕೊಂಡು, ಬೆಲ್ಟನ್ನು ನೆತ್ತಿಯ ದಪ್ಪ ಹಲಗೆಗೆ ಎಲ್ಲಿ ಬಿಗಿಯಬೇಕು, ಬಿಗಿದ ಮೇಲೆ ಹೇಗೆ ಎಳೆದು ನೋಡಬೇಕು ಎಂದು ನಿಧಾನವಾಗಿ, ಎರಡೆರಡು ಸಲ ಹೇಳಿದಳು. ಅವನು ಬಿಗಿದು, ಎಳೆದು, ಅಲುಗಲಿಲ್ಲ ಎಂದು ಹೇಳುವವರೆಗೂ ಬಿಡಲಿಲ್ಲ.

ಫೋನಿಟ್ಟು ತಂಗಿ ಮುಖ ಒರೆಸಿಕೊಂಡಳು. "ನಾಳೆ ಏಳೂವರೆಗೆ ಕರ್ಕೊಂಡು ಬರ್ತೀನಿ" ಎಂದಳು. "ಹಾಲು ಕುಡಿಸೇ ಕಳಿಸ್ತೀನಿ. ಹನ್ನೊಂದಕ್ಕೆ ಏನಾದ್ರೂ ತಿನ್ನೋಕೆ ಕೊಡು, ಇಲ್ಲಾಂದ್ರೆ ರಂಪ ಮಾಡತ್ತೆ."

"ಎಳೆದು ನೋಡಿದ್ದು ಸಾಕಾಯ್ತಾ ನಿಂಗೆ?" ಎಂದಳು ಒತ್ತಮ್ಮ.

"ಕಪಾಟನ್ನ ನಿನ್ನೇನೇ ನೋಡಿಯಾಯ್ತು. ಇವತ್ತು ನೋಡಿದ್ದು ನಿನ್ನನ್ನ" ಎಂದಳು ತಂಗಿ. "ತೊಗೋ, ಹತ್ತನೇ ಮನೆ."